ಕ್ಯಾಪ್ಸೂಲ್ ಸಿಗದ ಮಕ್ಕಳ ಲೆಕ್ಕ

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯಲ್ಲಿ ಅಚೆ ಎಂಬ ಪ್ರಾಂತ್ಯವಿದೆ. 1980ರ ದಶಕದ ಆರಂಭದಲ್ಲಿ ಅಲ್ಲಿನ 450 ಹಳ್ಳಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಹಳ್ಳಿಗಳಲ್ಲಿ ಒಂದು ವರ್ಷ ದಾಟಿದ ಪುಟ್ಟ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ಕ್ಯಾಪ್ಸೂಲ್ ಕೊಟ್ಟರು. ಉಳಿದ ಹಳ್ಳಿಗಳಿಗೆ ಒಂದು ವರ್ಷ ಏನೂ ಕೊಡಲಿಲ್ಲ. ವರ್ಷದ ಕೊನೆಗೆ ಎರಡೂ ಕಡೆ ಎಷ್ಟು ಮಕ್ಕಳು ತೀರಿಕೊಂಡಿದ್ದಾರೆ ಎಂದು ಎಣಿಸಿದರು. ವೈದ್ಯಕೀಯ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಲೆಕ್ಕ ಮಾಡಿ ಕಲಿಯುವ ಅಂಕಿಗಳು ಬಂದದ್ದು ಆ ಎಣಿಕೆಯಿಂದ.

ಕ್ಯಾಪ್ಸೂಲ್ ಹಂಚಬೇಕಾಗಿದ್ದ ಹಳ್ಳಿಗಳಲ್ಲಿ ಲೆಕ್ಕಕ್ಕೆ ಸಿಕ್ಕ ಮಕ್ಕಳು 12,094. ಇವರಲ್ಲಿ 9,675 ಮಕ್ಕಳಿಗೆ ಕ್ಯಾಪ್ಸೂಲ್ ಸಿಕ್ಕಿತು, 2,419 ಮಕ್ಕಳಿಗೆ ಒಂದಲ್ಲ ಒಂದು ಕಾರಣಕ್ಕೆ ಸಿಗಲಿಲ್ಲ. ಸಿಕ್ಕವರಲ್ಲಿ ಸತ್ತವರು 12, ಸಿಗದವರಲ್ಲಿ 34. ಕ್ಯಾಪ್ಸೂಲೇ ಹೋಗದ ಹಳ್ಳಿಗಳ 11,588 ಮಕ್ಕಳಲ್ಲಿ ಸತ್ತವರು 74. ಸಾವಿರಕ್ಕೆ ಇಷ್ಟು ಎಂದು ಮಾಡಿಕೊಂಡರೆ ಕ್ಯಾಪ್ಸೂಲ್ ಸಿಕ್ಕವರಲ್ಲಿ 1.2, ಹೋಗದ ಹಳ್ಳಿಗಳಲ್ಲಿ 6.4. ಕ್ಯಾಪ್ಸೂಲ್ ಬಂದ ಹಳ್ಳಿಯಲ್ಲಿದ್ದೂ ಸಿಗದ ಮಕ್ಕಳಲ್ಲಿ ಮಾತ್ರ 14.1!

ಈ ಕೊನೆಯ ಅಂಕಿಯ ಬಳಿ ಸ್ವಲ್ಪ ನಿಲ್ಲಬೇಕು. ಆ 2,419 ಮಕ್ಕಳೂ ಕ್ಯಾಪ್ಸೂಲ್ ತೆಗೆದುಕೊಂಡಿಲ್ಲ, ಆಚೆ ಹಳ್ಳಿಗಳ 11,588 ಮಕ್ಕಳೂ ತೆಗೆದುಕೊಂಡಿಲ್ಲ. ಆದರೂ ಮೊದಲಿನವರ ಸಾವು ಎರಡು ಪಟ್ಟಿಗೂ ಹೆಚ್ಚು. ಕ್ಯಾಪ್ಸೂಲ್ ತೆಗೆದುಕೊಳ್ಳದೆ ಇರುವುದರಿಂದಲೇ ಸಾಯುವುದಾದರೆ ಎರಡೂ ಕಡೆ ಸಾವು ಸಮನಾಗಿರಬೇಕಿತ್ತು. ಹಾಗಾಗಿಲ್ಲ ಎಂದರೆ, ಕ್ಯಾಪ್ಸೂಲ್ ಸಿಗದೆ ಉಳಿದ ಮಕ್ಕಳು ಮೊದಲಿನಿಂದಲೇ ಬೇರೆ ಥರದವರು. ಊರಾಚೆಯ ಒಂಟಿ ಮನೆಯವರು, ಅಪ್ಪ ಅಮ್ಮ ಕೂಲಿ ಹುಡುಕಿಕೊಂಡು ಬೇರೆಡೆ ಹೋದವರು, ಸ್ವಯಂಸೇವಕರು ಬಂದ ದಿನ ಜ್ವರದಲ್ಲಿ ಮಲಗಿದ್ದವರು ಇಂಥ ಗುಂಪಿನಲ್ಲಿ ಸೇರಿಕೊಳ್ಳುತ್ತಾರೆ. ಇನ್ನೊಂದು ಕ್ರೂರವಾದ ಸಂಗತಿಯೂ ಇದೆ. ಹಂಚಿಕೆ ಶುರುವಾದದ್ದು ಮನೆಮನೆ ಎಣಿಕೆ ಮುಗಿದು ಒಂದರಿಂದ ಮೂರು ತಿಂಗಳ ಮೇಲೆ. ಇಂಥ ಯಾವುದೇ ಕಾರ್ಯಕ್ರಮದಲ್ಲಿ ಎಣಿಕೆಗೂ ಹಂಚಿಕೆಗೂ ನಡುವೆ ತೀರಿಕೊಂಡ ಮಗು ‘ಸಿಕ್ಕವರ’ ಸಾಲಿಗೆ ಬರುವ ಪ್ರಶ್ನೆಯೇ ಇಲ್ಲ. ‘ಸಿಕ್ಕವರು’ ಎನ್ನಿಸಿಕೊಳ್ಳಬೇಕಾದರೆ ಮೊದಲು ಅಲ್ಲಿಯವರೆಗೆ ಬದುಕಿರಬೇಕು.

ಹಾಗಾದರೆ ಕ್ಯಾಪ್ಸೂಲ್ ಸಾವನ್ನು ಎಷ್ಟು ತಗ್ಗಿಸಿತು? ಯಾರನ್ನು ಯಾರ ಜೊತೆ ಹೋಲಿಸುತ್ತೀರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೆ ಮೊದಲು, ಈ ಹಳ್ಳಿಗಳನ್ನು ಪಾಲು ಮಾಡಿದ್ದು ಹೇಗೆ, ಹಾಗೇ ಯಾಕೆ ಮಾಡಿದರು ಎಂಬುದನ್ನು ನೋಡಬೇಕು.

ಪ್ರಯೋಗದ ಮುಂದಾಳು ಆಲ್ಫ್ರೆಡ್ ಸೋಮರ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕಣ್ಣಿನ ವೈದ್ಯರು. ಎ ಜೀವಸತ್ವದ ಕೊರತೆಯಿಂದ ಇರುಳುಗುರುಡು ಬರುತ್ತದೆ, ಕಣ್ಣಿನ ಬಿಳಿಭಾಗದಲ್ಲಿ ನೊರೆಯಂಥ ಬಿಟಾಟ್ ಚುಕ್ಕೆ ಕಾಣಿಸಿಕೊಳ್ಳುತ್ತದೆ. 1970ರ ದಶಕದ ಕೊನೆಯಲ್ಲಿ ಜಾವಾದ ಹಳ್ಳಿಗಳಲ್ಲಿ ಮಕ್ಕಳ ಕಣ್ಣು ಪರೀಕ್ಷಿಸುತ್ತಿದ್ದ ಅವರ ತಂಡದ ಲೆಕ್ಕದಲ್ಲಿ, ಇಂಥ ಸಣ್ಣ ಲಕ್ಷಣ ಇದ್ದ ಮಕ್ಕಳು ಉಳಿದವರಿಗಿಂತ ಬಹಳ ಹೆಚ್ಚು ಸಾಯುತ್ತಿದ್ದರು. ಸೋಮರ್ ಇದನ್ನು ಹೇಳಿದಾಗ ಬಂದ ಆಕ್ಷೇಪವೂ ನ್ಯಾಯವಾದದ್ದೇ. ಎ ಜೀವಸತ್ವ ಕಡಿಮೆ ಇರುವ ಮಗುವಿಗೆ ಅನ್ನವೂ ಕಡಿಮೆ, ಹಾಲೂ ಕಡಿಮೆ, ಶುದ್ಧ ನೀರೂ ಕಡಿಮೆ. ಸಾಯಿಸಿದ್ದು ಜೀವಸತ್ವದ ಕೊರತೆಯೋ ಬಡತನವೋ? ಇದ್ದದ್ದನ್ನು ಇದ್ದ ಹಾಗೆ ನೋಡುತ್ತ ಕೂತರೆ ಈ ಎರಡನ್ನು ಬಿಡಿಸಲು ಆಗುವುದಿಲ್ಲ. ಜೀವಸತ್ವ ಯಾರಿಗೆ ಸಿಗಬೇಕೆನ್ನುವುದನ್ನು ಬಡತನವಾಗಲಿ, ಅಮ್ಮನ ಓದಾಗಲಿ, ವೈದ್ಯರ ಕನಿಕರವಾಗಲಿ ತೀರ್ಮಾನಿಸದಂತೆ ಮಾಡಬೇಕು. ಅದಕ್ಕಿರುವ ದಾರಿ ಒಂದೇ, ಚೀಟಿ ಎತ್ತುವುದು. ಪುಸ್ತಕದ ಕನ್ನಡದಲ್ಲಿ ಯಾದೃಚ್ಛಿಕ ಹಂಚಿಕೆ.

ಮಕ್ಕಳ ಹೆಸರಿನಲ್ಲಿ ಚೀಟಿ ಎತ್ತದೆ ಹಳ್ಳಿಗಳ ಹೆಸರಿನಲ್ಲಿ ಎತ್ತಿದರು. ಪಕ್ಕದ ಮನೆಯ ಮಗುವಿಗೆ ಕೊಟ್ಟು ಈ ಮನೆಯ ಮಗುವಿಗೆ ಇಲ್ಲ ಎನ್ನಲು ಅದೇ ಊರಿನ ಸ್ವಯಂಸೇವಕರಿಗೆ ಬಾಯಿ ಬರುವುದಿಲ್ಲ. ಬಂದರೂ ಸಂಜೆಯೊಳಗೆ ಕ್ಯಾಪ್ಸೂಲುಗಳು ಬೇಲಿ ದಾಟಿರುತ್ತವೆ. ಹಾಗಾಗಿ ಇಡೀ ಹಳ್ಳಿ ಒಂದೇ ಚೀಟಿ. 229 ಹಳ್ಳಿಗಳಿಗೆ ಕ್ಯಾಪ್ಸೂಲ್ ಬಂತು, 221 ಹಳ್ಳಿಗಳು ಹೋಲಿಕೆಗೆ ಉಳಿದವು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಒಂದು ಹಳ್ಳಿಗೆ ದಡಾರ ಬಂದರೆ ಅಲ್ಲಿನ ಮಕ್ಕಳೆಲ್ಲ ಒಟ್ಟಿಗೇ ಮಲಗುತ್ತಾರೆ, ಅವರ ಹಣೆಬರಹ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಆದ್ದರಿಂದ ಇಪ್ಪತ್ತೈದು ಸಾವಿರ ಮಕ್ಕಳಿದ್ದರೂ, ಫಲಿತಾಂಶ ಎಷ್ಟು ಗಟ್ಟಿ ಎಂದು ಅಳೆಯುವಾಗ ಹಳ್ಳಿಗಳು 450 ಮಾತ್ರ ಎನ್ನುವುದನ್ನು ಮರೆಯುವಂತಿಲ್ಲ. ಮಕ್ಕಳ ಸಂಖ್ಯೆಯನ್ನೇ ಹಿಡಿದು ಲೆಕ್ಕ ಹಾಕಿದರೆ ಇಲ್ಲದ ಖಚಿತತೆ ಬಂದುಬಿಡುತ್ತದೆ.

ಚೀಟಿ ಎತ್ತಿದ ಮಾತ್ರಕ್ಕೆ ಎರಡು ಪಾಲು ಸರಿಸಮ ಆಗುತ್ತವೆ ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ, ಸ್ವಲ್ಪ ಹೆಚ್ಚುಕಡಿಮೆ ಆಗಿಯೇ ಆಗುತ್ತದೆ. ಆದರೆ ಆ ಹೆಚ್ಚುಕಡಿಮೆಗೆ ಅದೃಷ್ಟ ಬಿಟ್ಟರೆ ಬೇರೆ ಕಾರಣ ಇರುವುದಿಲ್ಲ. ಅದೃಷ್ಟದ ಆಟ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಗಣಿತವಿದೆ. ಮೇಷ್ಟರ ಕನಿಕರ ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಯಾವ ಗಣಿತವೂ ಇಲ್ಲ.

ಮೇಷ್ಟರ ಮಾತು ಸುಮ್ಮನೆ ಬಂದದ್ದಲ್ಲ. 1930ರಲ್ಲಿ ಸ್ಕಾಟ್‌ಲೆಂಡಿನ ಲ್ಯಾನಾರ್ಕ್‌ಶೈರ್ ಜಿಲ್ಲೆಯ 67 ಶಾಲೆಗಳ ಸುಮಾರು 20,000 ಮಕ್ಕಳ ಮೇಲೆ ಹಾಲಿನ ಪ್ರಯೋಗ ನಡೆಯಿತು. ಹತ್ತು ಸಾವಿರ ಮಕ್ಕಳಿಗೆ ನಾಲ್ಕು ತಿಂಗಳು ದಿನವೂ ಮುಕ್ಕಾಲು ಪೈಂಟ್ ಹಾಲು, ಇನ್ನು ಹತ್ತು ಸಾವಿರ ಮಕ್ಕಳಿಗೆ ಇಲ್ಲ. ಯಾರಿಗೆ ಹಾಲು ಎನ್ನುವುದನ್ನು ಕೆಲವು ಕಡೆ ಚೀಟಿಯಿಂದ, ಕೆಲವು ಕಡೆ ಹೆಸರಿನ ಅಕ್ಷರಾನುಕ್ರಮದಿಂದ ನಿರ್ಧರಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಾಗುತ್ತಿತ್ತು. ಆದರೆ ಯಾವುದಾದರೂ ಗುಂಪಿನಲ್ಲಿ ಚೆನ್ನಾಗಿ ಬೆಳೆದವರೋ ಸೊರಗಿದವರೋ ಹೆಚ್ಚಾಗಿ ಬಂದಂತೆ ಕಂಡರೆ, ಕೆಲವರನ್ನು ಅದಲುಬದಲು ಮಾಡಿ ಸಮ ಮಾಡಲು ಶಾಲೆಗಳಿಗೆ ಅವಕಾಶ ಕೊಟ್ಟಿದ್ದರು. ಕಣ್ಣೆದುರು ಬಡಕಲು ಮಗು ನಿಂತಿರುವಾಗ ಅದಲುಬದಲು ಯಾವ ಕಡೆಗೆ ವಾಲುತ್ತದೆಂದು ಹೇಳಬೇಕಾಗಿಲ್ಲ. ಪ್ರಯೋಗ ಶುರುವಾಗುವ ದಿನವೇ ಹಾಲಿಲ್ಲದ ಗುಂಪಿನ ಮಕ್ಕಳು ತೂಕದಲ್ಲಿ ಮೂರು ತಿಂಗಳ ಬೆಳವಣಿಗೆಯಷ್ಟು, ಎತ್ತರದಲ್ಲಿ ನಾಲ್ಕು ತಿಂಗಳ ಬೆಳವಣಿಗೆಯಷ್ಟು ಮುಂದಿದ್ದರು.

ಇದನ್ನು ಮರುವರ್ಷ ಬಿಡಿಸಿ ತೋರಿಸಿದವರು ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ವಿಲಿಯಂ ಗಾಸೆಟ್. ಗಿನ್ನೆಸ್ ಬಿಯರ್ ಕಂಪನಿಯ ನೌಕರ, ಸಂಖ್ಯಾಶಾಸ್ತ್ರದ ದೊಡ್ಡ ಹೆಸರು. ಅವರು ಹಿಡಿದ ಇನ್ನೊಂದು ತಪ್ಪು ನನಗೆ ಬಹಳ ಇಷ್ಟ. ಮಕ್ಕಳನ್ನು ತೂಗಿದ್ದು ಬಟ್ಟೆಯ ಸಮೇತ, ಒಮ್ಮೆ ಫೆಬ್ರವರಿಯ ಚಳಿಯಲ್ಲಿ, ಇನ್ನೊಮ್ಮೆ ಜೂನ್ ಬೇಸಗೆಯಲ್ಲಿ. ಅನುಕೂಲಸ್ಥರ ಮಕ್ಕಳು ಚಳಿಗೆ ದಪ್ಪ ಬಟ್ಟೆ ಹಾಕಿಕೊಂಡು ತಕ್ಕಡಿ ಹತ್ತಿದ್ದರು, ಜೂನ್‌ನಲ್ಲಿ ತೆಳು ಬಟ್ಟೆಯಲ್ಲಿ ಬಂದರು. ಬಡ ಮಕ್ಕಳಿಗೆ ಬಿಚ್ಚಿಡಲು ದಪ್ಪ ಬಟ್ಟೆಯೇ ಇರಲಿಲ್ಲ. ಹಾಲು ಕುಡಿದವರಲ್ಲಿ ಬಡವರು ಹೆಚ್ಚಾಗಿದ್ದರೆ, ಕೋಟಿನ ತೂಕವೆಲ್ಲ ಹಾಲಿನ ಖಾತೆಗೆ ಜಮೆಯಾಗುತ್ತದೆ. ಇಪ್ಪತ್ತು ಸಾವಿರ ಮಕ್ಕಳ ಬದಲು ತದ್ರೂಪಿ ಅವಳಿಗಳ ಐವತ್ತು ಜೋಡಿ ಸಾಕಾಗಿತ್ತು, ಖರ್ಚೂ ನೂರಕ್ಕೆ ಒಂದೆರಡು ಪಾಲು ಮಾತ್ರ ಎಂದು ಗಾಸೆಟ್ ಬರೆದರು.

ಲ್ಯಾನಾರ್ಕ್‌ಶೈರಿನಲ್ಲಿ ಮುರಿದುಬಿದ್ದದ್ದು ಹಂಚಿಕೆಯ ಗೋಪ್ಯತೆ. ಚೀಟಿ ಎತ್ತುವುದು ಬೇರೆ, ಎತ್ತಿದ ಚೀಟಿಯ ಮೇಲೆ ಯಾರ ಕೈಯೂ ಆಡದಂತೆ ನೋಡಿಕೊಳ್ಳುವುದು ಬೇರೆ. ಮುಂದಿನ ಹೆಸರು ಯಾವ ಗುಂಪಿಗೆ ಹೋಗುತ್ತದೆ ಎಂದು ಹೆಸರು ಬರೆದುಕೊಳ್ಳುವವರಿಗೆ ಮೊದಲೇ ಗೊತ್ತಾದರೆ, ಯಾರ ಹೆಸರು ಬರೆಯಬೇಕು, ಯಾರದನ್ನು ನಾಳೆಗೆ ಮುಂದೂಡಬೇಕು ಎನ್ನುವ ಆಯ್ಕೆ ಶುರುವಾಗುತ್ತದೆ. ಅಕ್ಷರಾನುಕ್ರಮ, ಹುಟ್ಟಿದ ದಿನಾಂಕದ ಸರಿಬೆಸ, ಒಬ್ಬರು ಬಿಟ್ಟು ಒಬ್ಬರು ಎನ್ನುವ ಪದ್ಧತಿಗಳೆಲ್ಲ ಸೋಲುವುದು ಇಲ್ಲೇ. ಅವು ಎಷ್ಟೇ ನಿಷ್ಪಕ್ಷಪಾತವಾಗಿ ಕಂಡರೂ ಮುಂದಿನದು ಏನೆಂದು ಎಲ್ಲರಿಗೂ ಗೊತ್ತಿರುತ್ತದೆ. ಆಸ್ಪತ್ರೆಯ ಪ್ರಯೋಗಗಳಲ್ಲಿ ಇದಕ್ಕಾಗಿ ಬೆಳಕಿಗೆ ಹಿಡಿದರೂ ಒಳಗಿನದು ಕಾಣದ, ಕ್ರಮಸಂಖ್ಯೆ ಹಾಕಿ ಅಂಟಿಸಿದ ಲಕೋಟೆಗಳನ್ನು ಬಳಸುತ್ತಾರೆ. ಇಲ್ಲವೇ ರೋಗಿಯ ಹೆಸರು ದಾಖಲಾದ ಮೇಲೆ ದೂರದ ಕಚೇರಿಗೆ ಫೋನ್ ಮಾಡಿ ಗುಂಪು ಯಾವುದೆಂದು ಕೇಳುತ್ತಾರೆ.

ಹಳ್ಳಿಗಳ ಪ್ರಯೋಗದಲ್ಲಿ ಸೋರಿಕೆ ಆಗುವ ಜಾಗವೇ ಬೇರೆ. ಹಳ್ಳಿಗಳ ಚೀಟಿ ಒಂದೇ ದಿನ ಎತ್ತಿ ಮುಗಿಯುತ್ತದೆ, ಅಲ್ಲಿ ಕೈವಾಡಕ್ಕೆ ಅವಕಾಶ ಕಡಿಮೆ. ಅಪಾಯ ಇರುವುದು ಆಮೇಲೆ ಹಳ್ಳಿಯೊಳಗೆ ಮಕ್ಕಳ ಪಟ್ಟಿ ಬರೆಯುವಾಗ. ಈ ಊರಿಗೆ ಔಷಧಿ ಬರುತ್ತದೆಂದು ತಿಳಿದಿದ್ದರೆ ಅಜ್ಜಿಮನೆಗೆ ಬಂದ ಮಗುವೂ ಪಟ್ಟಿ ಸೇರುತ್ತದೆ, ಆರು ವರ್ಷ ದಾಟಿದ್ದಕ್ಕೂ ಐದೂವರೆ ಎಂದು ಬರೆಸುತ್ತಾರೆ. ಔಷಧಿ ಬರದ ಊರಿನಲ್ಲಿ ಗಣತಿಯವರು ಕೊನೆಯ ಓಣಿಯ ತನಕ ಹೋಗುವುದೇ ಇಲ್ಲ. ಮದ್ದು ಏನಪ್ಪಾ ಎಂದರೆ ಮೊದಲು ಎಲ್ಲ ಊರುಗಳ ಪಟ್ಟಿ ಪೂರ್ತಿ ಮಾಡಿ ಮುಚ್ಚಬೇಕು, ಚೀಟಿ ಎತ್ತುವುದು ಆಮೇಲೆ. ಈ ಕ್ರಮ ತಪ್ಪಿದೆಯೇ ಎಂದು ಓದುಗರೂ ಪತ್ತೆ ಮಾಡಬಹುದು. ಯಾವುದೇ ಪ್ರಯೋಗದ ವರದಿಯ ಮೊದಲ ಕೋಷ್ಟಕದಲ್ಲಿ ಆರಂಭದ ದಿನ ಎರಡೂ ಗುಂಪುಗಳು ಹೇಗಿದ್ದವು ಎಂದು ಕೊಟ್ಟಿರುತ್ತಾರೆ. ಅಲ್ಲಿ ವಯಸ್ಸು, ತೂಕ, ಬಡತನ ಎಲ್ಲವೂ ಒಂದೇ ದಿಕ್ಕಿಗೆ ವಾಲಿದ್ದರೆ, ಅಥವಾ ಮನೆಯೊಂದಕ್ಕೆ ಸಿಕ್ಕ ಮಕ್ಕಳ ಸಂಖ್ಯೆಯೇ ಎರಡು ಕಡೆ ಬೇರೆಬೇರೆ ಆಗಿದ್ದರೆ, ಎಲ್ಲೋ ಸೋರಿದೆ.

ಗೋಪ್ಯತೆಯ ಕೆಲಸ ಚೀಟಿ ಬಿಚ್ಚುವ ತನಕ. ಆಮೇಲಿನ ಕಾವಲಿಗೆ ಬ್ಲೈಂಡಿಂಗ್ ಎನ್ನುತ್ತಾರೆ. ಯಾರಿಗೆ ನಿಜವಾದ ಔಷಧಿ, ಯಾರಿಗೆ ಹುಸಿ ಔಷಧಿ ಎಂದು ತೆಗೆದುಕೊಳ್ಳುವವರಿಗೂ ಕೊಡುವವರಿಗೂ ಫಲಿತಾಂಶ ಬರೆಯುವವರಿಗೂ ತಿಳಿಯಬಾರದು. ಅಚೆಯಲ್ಲಿ ಇದು ಇರಲಿಲ್ಲ. ಹೋಲಿಕೆಯ ಹಳ್ಳಿಗಳಿಗೆ ಹುಸಿ ಕ್ಯಾಪ್ಸೂಲ್ ಹೋಗಲಿಲ್ಲ, ಯಾವ ಹಳ್ಳಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಸಾವು ಅಭಿಪ್ರಾಯದ ವಿಷಯವಲ್ಲ, ಹಾಗಾಗಿ ಬ್ಲೈಂಡಿಂಗ್ ಇಲ್ಲದಿದ್ದರೂ ನಡೆಯುತ್ತದೆ ಎಂದು ವಾದಿಸಬಹುದು. ‘ಮಗುವಿಗೆ ಭೇದಿ ಆಗಿತ್ತೇ’ ಎಂಬ ಪ್ರಶ್ನೆಯಾಗಿದ್ದರೆ ಕ್ಯಾಪ್ಸೂಲ್ ಪಡೆದ ತಾಯಿಯ ಉತ್ತರ ಬೇರೆಯಾಗುವ ಸಾಧ್ಯತೆ ದೊಡ್ಡದಿತ್ತು. ಈ ವಾದವನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲು ಅನುಮಾನಕ್ಕೆ ಕಾರಣ, ಕ್ಯಾಪ್ಸೂಲಿನ ಜೊತೆಗೆ ಆರು ತಿಂಗಳಿಗೊಮ್ಮೆ ಒಬ್ಬ ಮನುಷ್ಯನೂ ಮನೆಗೆ ಬರುತ್ತಾನೆ. ಬಂದವನು ಮಗುವಿನ ಮುಖ ನೋಡಿ ‘ಇದನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ’ ಎನ್ನಬಹುದು. ಆಗ ಉಳಿದ ಪ್ರಾಣದ ಪುಣ್ಯ ಕ್ಯಾಪ್ಸೂಲಿನದೋ ಬಂದವನದೋ?

ಈ ಅನುಮಾನಕ್ಕೆ ಉತ್ತರ ಕೊಟ್ಟದ್ದು ತಮಿಳುನಾಡಿನ ತಿರುಚ್ಚಿ ಸೀಮೆಯ ಹಳ್ಳಿಗಳು. ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆಯವರೂ ಸೇರಿ ಅಲ್ಲಿ 15,419 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ವರದಿ 1990ರಲ್ಲಿ ಬಂತು. ಅಲ್ಲಿ ಎರಡೂ ಗುಂಪಿನ ಮನೆಗಳಿಗೆ ಕಾರ್ಯಕರ್ತರು ಪ್ರತಿ ವಾರ ಹೋಗಿ ಎಣ್ಣೆಯಂಥ ದ್ರವ ಕುಡಿಸುತ್ತಿದ್ದರು. ಒಂದರಲ್ಲಿ ಎ ಮತ್ತು ಇ ಜೀವಸತ್ವ, ಇನ್ನೊಂದರಲ್ಲಿ ಇ ಮಾತ್ರ. ಯಾವ ಬಾಟಲಿಯಲ್ಲಿ ಏನಿದೆ ಎಂದು ಕುಡಿಸುವವರಿಗೂ ಗೊತ್ತಿಲ್ಲ. ಮನೆಗೆ ಬರುವ ಮನುಷ್ಯ ಎರಡೂ ಕಡೆ ಸಮ, ವ್ಯತ್ಯಾಸ ಬಾಟಲಿಯೊಳಗೆ ಮಾತ್ರ. ಎ ಜೀವಸತ್ವ ಪಡೆದ ಗುಂಪಿನಲ್ಲಿ ಸಾವು ಶೇ. 54ರಷ್ಟು ಕಡಿಮೆ ಇತ್ತು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯವರ ಪ್ರಯೋಗದಲ್ಲಿ, ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣ ಕೊಟ್ಟರೂ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕು.

ಈಗ ಅಚೆಯ ಲೆಕ್ಕಕ್ಕೆ ಬರೋಣ. ಮೇಲೆ ಕೊಟ್ಟ ಅಂಕಿಗಳು ಸೋಮರ್ ಅವರೂ ಸಂಖ್ಯಾಶಾಸ್ತ್ರಜ್ಞ ಸ್ಕಾಟ್ ಜೀಗರ್ ಅವರೂ 1991ರಲ್ಲಿ ಪ್ರಕಟಿಸಿದವು. 1986ರ ಮೊದಲ ವರದಿಯ ಅಂಕಿಗಳು ಇದಕ್ಕಿಂತ ತುಸು ಬೇರೆ, ಕಥೆ ಅದೇ. ಯಾರಿಗಾದರೂ ಮೊದಲು ಹೊಳೆಯುವುದು, ಕ್ಯಾಪ್ಸೂಲ್ ಸಿಕ್ಕ ಮಕ್ಕಳನ್ನು ಹೋಲಿಕೆ ಹಳ್ಳಿಗಳ ಮಕ್ಕಳೊಂದಿಗೆ ಹೋಲಿಸೋಣ ಎಂದು. 6.4 ಇದ್ದದ್ದು 1.2ಕ್ಕೆ ಇಳಿಯಿತು, ಸಾವು ಶೇ. 81ರಷ್ಟು ಕಡಿಮೆ! ಪತ್ರಿಕೆಯ ಮುಖಪುಟಕ್ಕೆ ಹೇಳಿ ಮಾಡಿಸಿದ ಸಂಖ್ಯೆ. ಆದರೆ ಈ ಹೋಲಿಕೆಯಲ್ಲಿ ಒಂದು ಕಡೆ ದುರ್ಬಲರನ್ನೆಲ್ಲ ಹೆಕ್ಕಿ ಹೊರಗಿಟ್ಟಿದ್ದೇವೆ, ಇನ್ನೊಂದು ಕಡೆ ಅವರು ಹಾಗೇ ಉಳಿದಿದ್ದಾರೆ. ಮನೆಮನೆಗೆ ಅಲೆದು, 450 ಚೀಟಿ ಎತ್ತಿ ಸಂಪಾದಿಸಿದ ಸಮತೋಲನವನ್ನು ಕೊನೆಯ ದಿನ ಮೇಜಿನ ಮುಂದೆ ಕೂತು ನಾವೇ ಕೆಡವಿದಂತಾಯಿತು. ಲ್ಯಾನಾರ್ಕ್‌ಶೈರಿನ ಮೇಷ್ಟರು ಆರಂಭದಲ್ಲಿ ಮಾಡಿದ್ದನ್ನು ನಾವು ಅಂತ್ಯದಲ್ಲಿ ಮಾಡುತ್ತಿದ್ದೇವೆ ಅಷ್ಟೆ.

ಅದಕ್ಕೇ ಈ ಕಟ್ಟುಪಾಡು: ಚೀಟಿ ಯಾವ ಗುಂಪಿಗೆ ಹಾಕಿತೋ ಆ ಗುಂಪಿನಲ್ಲೇ ಎಣಿಸು, ಔಷಧಿ ತೆಗೆದುಕೊಂಡಿರಲಿ ಬಿಟ್ಟಿರಲಿ. ಇದನ್ನು ‘ಇಂಟೆನ್ಷನ್ ಟು ಟ್ರೀಟ್’ ವಿಶ್ಲೇಷಣೆ ಎನ್ನುತ್ತಾರೆ, ಕೊಡಬೇಕೆಂದುಕೊಂಡವರೆಲ್ಲರ ಲೆಕ್ಕ ಎಂದರೆ ಸರಿಹೋದೀತು. ಕ್ಯಾಪ್ಸೂಲ್ ಹಳ್ಳಿಗಳ 12 ಮತ್ತು 34 ಸೇರಿ 46 ಸಾವು, 12,094 ಮಕ್ಕಳಲ್ಲಿ. ಸಾವಿರಕ್ಕೆ 3.8. ಹೋಲಿಕೆ ಹಳ್ಳಿಗಳಲ್ಲಿ 6.4. ಅಂದರೆ ಸಾವು ಶೇ. 40ರಷ್ಟು ಕಡಿಮೆ. 81 ಎಲ್ಲಿ, 40 ಎಲ್ಲಿ! ಆದರೂ ಈ ನಲವತ್ತನ್ನೇ ನಂಬಬೇಕು. ಜಿಲ್ಲಾಧಿಕಾರಿಗೋ ಆರೋಗ್ಯ ಇಲಾಖೆಗೋ ಬೇಕಾದದ್ದೂ ಅದೇ. ನಮ್ಮ ಅಂಗನವಾಡಿಗಳಲ್ಲಿ ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಆರಾರು ತಿಂಗಳಿಗೆ ಎ ಜೀವಸತ್ವದ ಸಿರಪ್ ಕುಡಿಸುತ್ತಾರಲ್ಲ, ಅಲ್ಲಿಯೂ ಪಟ್ಟಿಯಲ್ಲಿ ಹೆಸರಿದ್ದ ಎಲ್ಲ ಮಕ್ಕಳೂ ಬರುವುದಿಲ್ಲ. ಹಂಚಲು ಹೊರಟರೆ ಊರಿಗೆ ಒಟ್ಟಾರೆ ಏನಾಗುತ್ತದೆ ಎನ್ನುವುದೇ ಸರ್ಕಾರದ ಪ್ರಶ್ನೆ.

ತಾಯಿಯ ಪ್ರಶ್ನೆ ಬೇರೆ. ‘ನನ್ನ ಮಗು ನಿಜವಾಗಿ ನುಂಗಿದರೆ ಎಷ್ಟು ಉಪಯೋಗ?’ ಎಂದು ಅವಳು ಕೇಳಿದರೆ ನಲವತ್ತು ಸರಿಯಾದ ಉತ್ತರ ಅಲ್ಲ, ನುಂಗದವರೂ ಅದರಲ್ಲಿ ಬೆರೆತಿದ್ದಾರೆ. ಸೋಮರ್ ಮತ್ತು ಜೀಗರ್ ಇದಕ್ಕೂ ದಾರಿ ತೋರಿಸಿದರು. ಕ್ಯಾಪ್ಸೂಲ್ ಹಳ್ಳಿಗಳಲ್ಲಿ ಶೇ. 20ರಷ್ಟು ಮಕ್ಕಳಿಗೆ ಅದು ಸಿಗಲಿಲ್ಲ. ಚೀಟಿ ಸರಿಯಾಗಿ ಎತ್ತಿದ್ದರೆ ಹೋಲಿಕೆ ಹಳ್ಳಿಗಳಲ್ಲೂ ಅಂಥ ಶೇ. 20 ಮಕ್ಕಳು ಇದ್ದೇ ಇರುತ್ತಾರೆ, ಅವರು ಯಾರೆಂದು ನಮಗೆ ಕಾಣುವುದಿಲ್ಲ ಅಷ್ಟೆ. 11,588ರಲ್ಲಿ ಅವರು ಸುಮಾರು 2,318. ಅವರಿಗೂ ಕ್ಯಾಪ್ಸೂಲ್ ಇಲ್ಲ, ಇವರಿಗೂ ಇಲ್ಲ, ಆದ್ದರಿಂದ ಸಾವೂ ಸಾವಿರಕ್ಕೆ 14.1ರಂತೆಯೇ ಇರಬೇಕು, ಅಂದರೆ ಸುಮಾರು 33. 74ರಲ್ಲಿ 33 ಕಳೆದರೆ 41 ಸಾವು ಉಳಿದವು, ಮಕ್ಕಳು ಉಳಿದದ್ದು 9,270. ಸಾವಿರಕ್ಕೆ 4.5. ಕೊಟ್ಟಿದ್ದರೆ ತೆಗೆದುಕೊಳ್ಳುತ್ತಿದ್ದ ಮಕ್ಕಳ ದರ ಇದು. ಇದನ್ನು ನಿಜವಾಗಿ ತೆಗೆದುಕೊಂಡವರ 1.2ರೊಂದಿಗೆ ಹೋಲಿಸಿದರೆ ಸಾವು ಶೇ. 72ರಷ್ಟು ಕಡಿಮೆ. ಇಲ್ಲಿ ಯಾರನ್ನೂ ಅವರ ಗುಂಪಿನಿಂದ ಎತ್ತಿಹಾಕಿಲ್ಲ ಎನ್ನುವುದನ್ನು ಗಮನಿಸಿ, ಚೀಟಿ ಕೊಟ್ಟ ಸಮತೋಲನವನ್ನೇ ನಂಬಿ ಲೆಕ್ಕ ಮುಂದೆ ಸಾಗಿದೆ. ಒಂದು ಊಹೆ ಮಾತ್ರ ಇದೆ, ಹಂಚಿಕೆಯ ಕಾರ್ಯಕ್ರಮ ಊರಿಗೆ ಬಂದದ್ದರಿಂದ ಕ್ಯಾಪ್ಸೂಲ್ ತೆಗೆದುಕೊಳ್ಳದ ಮಗುವಿಗೆ ಯಾವ ಲಾಭವೂ ನಷ್ಟವೂ ಆಗಿಲ್ಲ ಎಂದು.

ಎಲ್ಲರನ್ನೂ ಎಣಿಸುವ ಈ ಪದ್ಧತಿಯ ಮಿತಿ ಕಾಣಬೇಕೆಂದರೆ ಉತ್ತರ ಪ್ರದೇಶದ ‘ದೇವತಾ’ ಪ್ರಯೋಗ ನೋಡಬೇಕು. 1999ರಿಂದ 2004ರವರೆಗೆ 72 ಬ್ಲಾಕುಗಳಲ್ಲಿ ಅಂಗನವಾಡಿಗಳ ಮೂಲಕ ನಡೆದ ಇದರಲ್ಲಿ ಇದ್ದ ಮಕ್ಕಳು ಸುಮಾರು ಹತ್ತು ಲಕ್ಷ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವು ಇಳಿದದ್ದು ಶೇ. 4 ಮಾತ್ರ, ಅದೂ ಅದೃಷ್ಟದ ಆಟ ಇರಬಹುದಾದಷ್ಟು ಸಣ್ಣದು. ಇಂಟೆನ್ಷನ್ ಟು ಟ್ರೀಟ್ ಲೆಕ್ಕ ಇಂಥ ಕಡೆ ಎರಡು ಸಾಧ್ಯತೆಗಳನ್ನು ಬೇರೆ ಮಾಡಲಾರದು. ಕ್ಯಾಪ್ಸೂಲ್ ಕೆಲಸ ಮಾಡಲಿಲ್ಲವೋ, ಮಕ್ಕಳ ಬಾಯಿಗೇ ಬೀಳಲಿಲ್ಲವೋ? ಶೇ. 86 ಮಕ್ಕಳಿಗೆ ತಲುಪಿದೆ ಎಂದು ಪ್ರಯೋಗ ಮಾಡಿದವರು ಹೇಳಿದರು. ಇಷ್ಟು ದೊಡ್ಡ ಕಾರ್ಯಕ್ರಮದಲ್ಲಿ, ಇಷ್ಟು ಕಡಿಮೆ ಮೇಲ್ವಿಚಾರಣೆಯಲ್ಲಿ ಅದು ಹೇಗೆ ಸಾಧ್ಯ ಎಂದು ಸೋಮರ್ ಮತ್ತಿತರರು ಕೇಳಿದರು. ಮಾದರಿಗೆಂದು ಪರೀಕ್ಷಿಸಿದ ಮಕ್ಕಳ ಕಣ್ಣಿನಲ್ಲಿ ಬೇರೆ ಸಾಕ್ಷಿ ಇತ್ತು. ಕ್ಯಾಪ್ಸೂಲ್ ಬ್ಲಾಕುಗಳಲ್ಲಿ ಬಿಟಾಟ್ ಚುಕ್ಕೆ ಶೇ. 1.4, ಉಳಿದ ಬ್ಲಾಕುಗಳಲ್ಲಿ ಶೇ. 3.5. ರಕ್ತದಲ್ಲೂ ಎ ಜೀವಸತ್ವ ಹೆಚ್ಚಿತ್ತು. ಅಂದರೆ ಕ್ಯಾಪ್ಸೂಲ್ ಸಾಕಷ್ಟು ಮಕ್ಕಳ ಹೊಟ್ಟೆ ಸೇರಿತ್ತು. ಎಷ್ಟು ಮಕ್ಕಳ ಹೊಟ್ಟೆ ಎನ್ನುವ ಜಗಳ ಮಾತ್ರ ತೀರಲಿಲ್ಲ. ದೇವತಾ ತಂಡದವರು ತಮ್ಮ ಅಂಕಿಗಳನ್ನು ಹಿಂದಿನ ಎಂಟು ಪ್ರಯೋಗಗಳ ಜೊತೆ ಸೇರಿಸಿ ಸರಾಸರಿ ತೆಗೆದಾಗ ಸಾವಿನ ಇಳಿಕೆ ಶೇ. 11 ಎಂದು ಬಂತು.